ಮೂರೇ ಮೂರು ಮಾತ್ರೆ: ದೂರದ ಪ್ರಯಾಣಕ್ಕೆ ಆಂಟಿಬಯೋಟಿಕ್ ಒಯ್ಯಬೇಕೇ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನಗೆ 34 ವರ್ಷ. ಸಕ್ಕರೆ, ಬಿಪಿ ಏನೂ ಇಲ್ಲ. ಆಫೀಸಿಗೆ ಎರಡೂವರೆ ತಿಂಗಳು ರಜೆ ಹಾಕಿ ಹೊರಟಿದ್ದೇನೆ. ಅಕ್ಟೋಬರ್‌ನಲ್ಲಿ ನೇಪಾಳದ ಅನ್ನಪೂರ್ಣ ಸರ್ಕ್ಯೂಟ್ ಚಾರಣ, ಅಲ್ಲಿಂದ ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ. ಮನೆ ಹತ್ತಿರದ ಮೆಡಿಕಲ್‌ನವರು ಒಂದು ಪಟ್ಟಿ ಬರೆದುಕೊಟ್ಟಿದ್ದಾರೆ. ಅಜಿತ್ರೋಮೈಸಿನ್ ಎರಡು ಕೋರ್ಸ್, ಗಂಟಲಿಗೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಒಂದು ಕೋರ್ಸ್, ಹೊಟ್ಟೆಗೆ ಆಫ್ಲಾಕ್ಸಾಸಿನ್-ಆರ್ನಿಡಜೋಲ್ ಹತ್ತು ಮಾತ್ರೆ. ಇಷ್ಟೂ ಬೇಕಾ? ಕಮ್ಮಿ ಆಯ್ತಾ, ಜಾಸ್ತಿ ಆಯ್ತಾ?

ಉತ್ತರ: ಜಾಸ್ತಿ ಆಯ್ತು. ನಿಮ್ಮ ಪ್ರವಾಸಕ್ಕೆ ಅಜಿತ್ರೋಮೈಸಿನ್ 500 ಮಿಲಿಗ್ರಾಂನ ಮೂರು ಮಾತ್ರೆ ಸಾಕು. ಅದು ಒಂದೇ ಒಂದು ಕಾಯಿಲೆಗೆ, ಅಂದರೆ ಎದ್ದು ಓಡಾಡಲಾಗದಷ್ಟು ಜೋರಾದ ಭೇದಿಗೆ. ಉಳಿದದ್ದನ್ನೆಲ್ಲ ಅಂಗಡಿಯಲ್ಲೇ ಬಿಡಿ.

ಮೂರು ಮಾತ್ರೆ ಯಾಕೆ ಬೇಕು ಅನ್ನುವುದು ಸುಲಭ. ಚಾರಣದ ಹಾದಿಯಲ್ಲಿ, ದೋಣಿಯಲ್ಲಿ, ಗಡಿ ಊರಿನ ಲಾಡ್ಜಿನಲ್ಲಿ ಡಾಕ್ಟರು ಸಿಗದೇ ಇರಬಹುದು. ಮೂರೇ ಯಾಕೆ ಅನ್ನುವುದಕ್ಕೆ ಸ್ವಲ್ಪ ವಿವರ ಬೇಕು.

ಚೀಲ ತುಂಬ ಒಯ್ದರೆ ಏನಾಗುತ್ತದೆ?

ಕೈಯಲ್ಲಿ ಇದ್ದರೆ ನುಂಗುತ್ತೇವೆ, ಅಲ್ವಾ? ಗಂಟಲು ಕೆರೆದರೆ ಒಂದು, ಮೈ ಬಿಸಿಯಾದರೆ ಇನ್ನೊಂದು. ನೆಗಡಿ, ಕೆಮ್ಮು, ಗಂಟಲು ನೋವು ಹೆಚ್ಚಾಗಿ ವೈರಸ್‌ನಿಂದ ಬರುತ್ತವೆ. ಅವಕ್ಕೆ ಆಂಟಿಬಯೋಟಿಕ್ ನಾಟುವುದೇ ಇಲ್ಲ. ಅಷ್ಟರಲ್ಲೇ ನಿಂತಿದ್ದರೆ ದುಡ್ಡು ದಂಡ ಅಂದುಕೊಳ್ಳಬಹುದಿತ್ತು. ಆದರೆ ನಿಮ್ಮ ಕರುಳಿನಲ್ಲಿ ಕೋಟಿಗಟ್ಟಲೆ ಒಳ್ಳೆಯ ಬ್ಯಾಕ್ಟೀರಿಯಾ ಇವೆ. ಹೊರಗಿನಿಂದ ಬಂದ ಹೊಸಬರಿಗೆ ಜಾಗ ಸಿಗದಂತೆ ಅವು ಕೂತಿರುತ್ತವೆ. ಮಾತ್ರೆ ನುಂಗಿದಾಗ ಅವುಗಳಲ್ಲಿ ಎಷ್ಟೋ ಸಾಯುತ್ತವೆ. ಆ ಖಾಲಿ ಜಾಗಕ್ಕೆ, ಅಲ್ಲಿನ ನೀರು ಮತ್ತು ಊಟದಿಂದ ಬಂದ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬಂದು ಸೇರಿಕೊಳ್ಳುತ್ತವೆ.

ಇದು ಬರೀ ಊಹೆಯಲ್ಲ. ಫಿನ್ಲೆಂಡಿನಿಂದ ಬಿಸಿನಾಡುಗಳಿಗೆ ಹೋಗಿಬಂದ 430 ಪ್ರವಾಸಿಗರ ಮಲವನ್ನು ಹೋಗುವ ಮೊದಲು ಮತ್ತು ಬಂದ ಮೇಲೆ ಪರೀಕ್ಷೆ ಮಾಡಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಭೇದಿಯೂ ಆಗದೆ, ಆಂಟಿಬಯೋಟಿಕ್ ಕೂಡ ತಗೊಳ್ಳದೆ ಬಂದವರಲ್ಲಿ ನೂರಕ್ಕೆ 11 ಮಂದಿ ಇಂಥ ಬಗ್ಗದ ಬ್ಯಾಕ್ಟೀರಿಯಾ ಹೊತ್ತು ತಂದಿದ್ದರು. ಭೇದಿಯಾಗಿ, ಅದಕ್ಕೆ ಆಂಟಿಬಯೋಟಿಕ್ ನುಂಗಿದವರಲ್ಲಿ ನೂರಕ್ಕೆ 37. ಹೊತ್ತು ತಂದವರಿಗೆ ಆಗ ಏನೂ ಗೊತ್ತಾಗುವುದಿಲ್ಲ. ಆದರೆ ಕೆಲವು ತಿಂಗಳ ಮೇಲೆ ಮೂತ್ರದ ಸೋಂಕು ಬಂದು, ಮಾಮೂಲಿ ಮಾತ್ರೆಗೆ ಅದು ಜಗ್ಗದೆ, ನರಕ್ಕೆ ಇಂಜೆಕ್ಷನ್ ಹಾಕಿಸಿಕೊಳ್ಳುವ ಪರಿಸ್ಥಿತಿ ಬರಬಹುದು.

ಆಫ್ಲಾಕ್ಸಾಸಿನ್-ಆರ್ನಿಡಜೋಲ್ ಬಗ್ಗೆ ಒಂದು ಮಾತು. ನಮ್ಮ ಕಡೆ ಹೊಟ್ಟೆ ಕೆಟ್ಟಿತು ಅಂದರೆ ಕೌಂಟರಿನಿಂದ ಮೊದಲು ಬರುವುದು ಈ ಜೋಡಿ ಮಾತ್ರೆ, ಇಲ್ಲವೇ ನಾರ್‌ಫ್ಲಾಕ್ಸಾಸಿನ್-ಟಿನಿಡಜೋಲ್. ಒಂದು ಬ್ಯಾಕ್ಟೀರಿಯಾಗೆ, ಇನ್ನೊಂದು ಅಮೀಬಾಗೆ, ಎರಡೂ ಇರಲಿ ಅನ್ನುವ ಲೆಕ್ಕ. ಒಬ್ಬರಿಗೇ ಎರಡೂ ಒಟ್ಟಿಗೆ ಬರುವುದು ತೀರಾ ಅಪರೂಪ. ನಾನು ಇದನ್ನು ಬರೆಯುವುದಿಲ್ಲ. ನಿಮ್ಮ ದಾರಿಗೆ ಅದು ಹೊಂದುವುದೂ ಇಲ್ಲ. ಥಾಯ್ಲೆಂಡ್ ಕಡೆ ಪ್ರವಾಸಿಗರ ಭೇದಿಗೆ ದೊಡ್ಡ ಕಾರಣ ಕ್ಯಾಂಪೈಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ. ಸಿಪ್ರೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗೆ ಅದು ಅಲ್ಲಿ ಬಹುಪಾಲು ಬಗ್ಗುವುದಿಲ್ಲ. ನೇಪಾಳದಲ್ಲೂ ಈ ಗುಂಪನ್ನು ನಂಬುವ ಹಾಗಿಲ್ಲ. ಅದಕ್ಕೇ ಅಜಿತ್ರೋಮೈಸಿನ್.

ಹೊರಡುವ ಮೊದಲು

ಒಂದು ತಿಂಗಳು ಇರುವಾಗಲೇ ಡಾಕ್ಟರ ಹತ್ತಿರ ಹೋಗಿ. ಯಾವ ಊರಲ್ಲಿ ಎಷ್ಟು ದಿನ, ಎಷ್ಟು ಎತ್ತರಕ್ಕೆ ಹೋಗುತ್ತೀರಿ ಅನ್ನುವುದನ್ನು ಕಾಗದದಲ್ಲಿ ಬರೆದು ಒಯ್ಯಿರಿ. ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರು ಹೇಳಿ. ಅಜಿತ್ರೋಮೈಸಿನ್ ಕೆಲವರಲ್ಲಿ ಹೃದಯದ ಬಡಿತದ ಲಯ ಕೆಡಿಸುತ್ತದೆ. ಹಿಂದೆ ಲಯದ ತೊಂದರೆ ಇದ್ದವರು, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ ಅಂಥವರು, ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರು ಇದನ್ನು ಹೇಳಲೇಬೇಕು. ವಾಂತಿ ನಿಲ್ಲಿಸುವ ಡೊಂಪೆರಿಡೋನ್ ಮತ್ತು ಆಂಡಾನ್ಸೆಟ್ರಾನ್ ಕೂಡ ಅದೇ ಲಯದ ಮೇಲೆ ಕೈ ಇಡುತ್ತವೆ. ಹಾಗಾಗಿ ಜೊತೆಗೆ ನುಂಗುವ ಮುಂಚೆ ಕೇಳಿಕೊಳ್ಳಿ.

ಚೀಟಿ ಕೇಳಿ ಪಡೆಯಿರಿ. ಅದರಲ್ಲಿ ಕಂಪನಿ ಹೆಸರಿನ ಜೊತೆ ಔಷಧಿಯ ಮೂಲ ಹೆಸರೂ ಇಂಗ್ಲಿಷಿನಲ್ಲಿ ಇರಲಿ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ನಿಮ್ಮ ಹೆಸರು ಇರಲಿ. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಚ್ಚಿ ಡಬ್ಬಿಗೆ ಸುರಿಯಬೇಡಿ. ಸ್ಟ್ರಿಪ್ ನೋಡಿ, ಅದರ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು ಅನ್ನುವ ಗುರುತು ಅದು. ಮೆಡಿಕಲ್‌ನವರು ಪಟ್ಟಿ ಬರೆದುಕೊಡುವಾಗ ಆ ಗೆರೆಯನ್ನು ನೋಡದೆ ಇರುವುದಿಲ್ಲ!

ಈ 500ರ ಮಾತ್ರೆ ಮೂರರ ಸ್ಟ್ರಿಪ್ ಆಗಿಯೇ ಸಿಗುತ್ತದೆ. ಅದನ್ನೇ ಕೇಳಿ. ಐದರ ಸ್ಟ್ರಿಪ್ ತಗೊಂಡರೆ ಎರಡು ಉಳಿಯುತ್ತವೆ. ಆ ಎರಡು ಮುಂದಿನ ನೆಗಡಿಗೆ ಹೊಟ್ಟೆ ಸೇರುತ್ತವೆ.

ಹಾಗೇ ಟೈಫಾಯ್ಡ್ ಲಸಿಕೆ ಆಗಿದೆಯಾ ನೋಡಿ. ಒಂದೇ ಇಂಜೆಕ್ಷನ್, ಹೊರಡುವ ಎರಡು ವಾರ ಮೊದಲೇ ಆಗಿರಬೇಕು.

ಅಜಿತ್ರೋಮೈಸಿನ್‌ಗಿಂತ ಮುಖ್ಯವಾದ ಎರಡು ಚೀಲಕ್ಕೆ ಹಾಕಿ. ಒಂದು ಓಆರ್‌ಎಸ್ ಪುಡಿ, ಒಂದು ಲೀಟರಿಗೆ ಒಂದು ಪ್ಯಾಕೆಟ್ ಅನ್ನುವಂಥದ್ದು, ಎಂಟು ಪ್ಯಾಕೆಟ್. ಹಣ್ಣಿನ ರಸದ ಹಾಗೆ ಡಬ್ಬಿಯಲ್ಲಿ ಬರುವ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ಅದರ ಸಕ್ಕರೆ ಭೇದಿಯನ್ನು ಇನ್ನೂ ಜಾಸ್ತಿ ಮಾಡಬಹುದು. ಎರಡನೆಯದು ಲೋಪೆರಮೈಡ್ 2 ಮಿಲಿಗ್ರಾಂ, ಜನ ಹೊಟ್ಟೆ ಕಟ್ಟುವ ಮಾತ್ರೆ ಅನ್ನುತ್ತಾರಲ್ಲ, ಅದು, ಹತ್ತು. ಜ್ವರಕ್ಕೆ ಪ್ಯಾರಾಸಿಟಮಾಲ್ ಹೇಗೂ ಇರುತ್ತದೆ. ಇಷ್ಟರ ಜೊತೆ ಒಂದು ಥರ್ಮಾಮೀಟರ್. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್, ನಿದ್ದೆ ಮಾತ್ರೆ ಇವನ್ನು ಸುಮ್ನೆ ಇರಲಿ ಅಂತ ಹಾಕಿಕೊಳ್ಳಬೇಡಿ. ಆಂಟಿಬಯೋಟಿಕ್‌ಗೆ ವಿಮಾನ ನಿಲ್ದಾಣದಲ್ಲಿ ಯಾರೂ ತಕರಾರು ಮಾಡುವುದಿಲ್ಲ, ಇವಕ್ಕೆ ಮಾಡುತ್ತಾರೆ.

ಹೊಟ್ಟೆ ಕೆಟ್ಟ ದಿನ

ಮೊದಲು ಗಡಿಯಾರ ನೋಡಿ. ಊಟವಾಗಿ ಒಂದರಿಂದ ಆರು ಗಂಟೆಯೊಳಗೆ ವಾಂತಿ ಜೋರಾಗಿ ಶುರುವಾದರೆ, ಅದು ಬಹುಶಃ ಊಟದಲ್ಲೇ ತಯಾರಾಗಿದ್ದ ವಿಷ. ಬೆಳಿಗ್ಗೆ ಬೇಯಿಸಿ ಹೊರಗಿಟ್ಟು ಸಂಜೆ ಮತ್ತೆ ಹುರಿದ ಅನ್ನದಲ್ಲಿ ಇದು ಮಾಮೂಲು. ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಆಂಟಿಬಯೋಟಿಕ್‌ಗೆ ಇಲ್ಲಿ ಕೊಲ್ಲಲು ಏನೂ ಇಲ್ಲ. ಹೆಚ್ಚಾಗಿ ಒಂದು ದಿನದೊಳಗೆ ತಾನೇ ಮುಗಿಯುತ್ತದೆ. ಬ್ಯಾಕ್ಟೀರಿಯಾದ ಭೇದಿ ಸಾಮಾನ್ಯವಾಗಿ ಇದಕ್ಕಿಂತ ತಡವಾಗಿ, ಅರ್ಧ ದಿನದಿಂದ ಮೂರು ದಿನದೊಳಗೆ, ಶುರುವಾಗುತ್ತದೆ. ಒಂದೆರಡು ವಾರ ಕಳೆದು, ಕೊಳೆತ ಮೊಟ್ಟೆಯ ವಾಸನೆಯ ತೇಗು, ಹೊಟ್ಟೆ ಉಬ್ಬರ, ದಿನಕ್ಕೆ ಮೂರು ನಾಲ್ಕು ಸಲ ಮೆತ್ತಗೆ ಹೋಗುವುದು ಶುರುವಾದರೆ ಅದು ಜಿಯಾರ್ಡಿಯಾ ಇರಬಹುದು. ನೇಪಾಳದಲ್ಲಿ ಇದು ಹೊಸದಲ್ಲ. ಅದಕ್ಕೆ ಅಜಿತ್ರೋಮೈಸಿನ್ ಕೆಲಸ ಮಾಡುವುದಿಲ್ಲ. ಅವಸರವೂ ಇಲ್ಲ. ಊರು ಸೇರಿ ಪರೀಕ್ಷೆ ಮಾಡಿಸಿದರೆ ಆಯಿತು.

ಆಮೇಲೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಎಷ್ಟು ಸಲ ಹೋದೆ ಅಂತಲ್ಲ, ಇವತ್ತು ಅಂದುಕೊಂಡ ಕೆಲಸ ಮಾಡೋಕಾಗುತ್ತಾ ಅಂತ. ನಾವು ಡಾಕ್ಟರುಗಳೂ ಈಗ ಅದನ್ನೇ ಅಳತೆ ಮಾಡಿಕೊಂಡಿದ್ದೇವೆ.

ಕಿರಿಕಿರಿ ಇದೆ, ಆದರೆ ದೇವಸ್ಥಾನ ನೋಡಿಕೊಂಡು ಬರಬಹುದು ಅನ್ನುವ ಹಾಗಿದ್ದರೆ ಅದು ಸಣ್ಣ ಭೇದಿ. ಓಆರ್‌ಎಸ್ ಕುಡಿಯಿರಿ, ಅನ್ನ, ಬಾಳೆಹಣ್ಣು, ಸೂಪು ತಿನ್ನಿ. ಉಪವಾಸ ಬೇಡ. ಮಾತ್ರೆ ಬೇಡ.

ಹೊಟ್ಟೆ ಹಿಡಿದುಕೊಂಡು ಕಾರ್ಯಕ್ರಮ ಬದಲಿಸುವ ಹಾಗಾದರೆ ಲೋಪೆರಮೈಡ್ ತಗೊಳ್ಳಬಹುದು. ಮೊದಲು ಎರಡು, ಆಮೇಲೆ ಪ್ರತಿ ಸಲ ನೀರಾಗಿ ಹೋದ ಮೇಲೆ ಒಂದು. ದಿನಕ್ಕೆ ನಾಲ್ಕರ ಮೇಲೆ ಬೇಡ, ಎರಡು ದಿನದ ಮೇಲೂ ಬೇಡ. ರಾತ್ರಿಯ ಬಸ್ಸಿಗೆ ಇದಕ್ಕಿಂತ ಒಳ್ಳೆಯ ಸಂಗಾತಿ ಇಲ್ಲ. ಆದರೆ ಜ್ವರ ಇದ್ದರೆ, ಮಲದಲ್ಲಿ ರಕ್ತ ಕಂಡರೆ ಇದನ್ನು ಮುಟ್ಟಬೇಡಿ. ಕರುಳಿನ ಗೋಡೆಗೆ ನುಗ್ಗಿದ ಬ್ಯಾಕ್ಟೀರಿಯಾವನ್ನು ಒಳಗೇ ಕೂಡಿಹಾಕಿದ ಹಾಗಾಗುತ್ತದೆ. ಥರ್ಮಾಮೀಟರ್ ಬೇಕು ಅಂದದ್ದು ಇದಕ್ಕೇ. ಭೇದಿಯಿಂದ ಸುಸ್ತಾದವರಿಗೆ ಮೈ ಬಿಸಿಯಾ ತಣ್ಣಗಾ ಅನ್ನುವುದು ಕೈ ಮುಟ್ಟಿದರೆ ಗೊತ್ತಾಗುವುದಿಲ್ಲ.

ಹಾಸಿಗೆಯಿಂದ ಬಾತ್‌ರೂಮಿಗೆ, ಬಾತ್‌ರೂಮಿನಿಂದ ಹಾಸಿಗೆಗೆ, ಇಷ್ಟೇ ದಿನವಾಗಿ ಹೋದರೆ ಅದು ಜೋರು ಭೇದಿ. ಮಲದಲ್ಲಿ ರಕ್ತ ಬಿದ್ದರೆ ಎಷ್ಟು ಸಲ ಹೋದಿರಿ ಅಂತ ಲೆಕ್ಕ ಹಾಕುವುದೇ ಬೇಡ, ಅದೂ ಜೋರೇ. ಆ ಮೂರು ಮಾತ್ರೆ ಇರುವುದು ಈ ದಿನಕ್ಕೆ. ದಿನಕ್ಕೆ ಒಂದು, ಹೆಚ್ಚು ಕಮ್ಮಿ ಅದೇ ಹೊತ್ತಿಗೆ, ಮೂರು ದಿನ. ಹೊಟ್ಟೆ ತೊಳಸಿದರೆ ಎರಡು ತುತ್ತು ಅನ್ನ ತಿಂದು ನುಂಗಿ. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾಗಿ ಮಾತ್ರೆ ಹೊರಗೆ ಬಿದ್ದರೆ ಇನ್ನೊಂದು ನುಂಗಬಹುದು. ಒಂದು ಕಮ್ಮಿಯಾಗುತ್ತದೆ ಅಂತ ಚಿಂತೆ ಬೇಡ. ರಕ್ತ, ಜ್ವರ ಇಲ್ಲದ ನೀರು ಭೇದಿ ಎಷ್ಟೋ ಸಲ ಮೊದಲ ಮಾತ್ರೆಗೇ ತಗ್ಗುತ್ತದೆ. 24 ಗಂಟೆಯಲ್ಲಿ ಪೂರ್ತಿ ಸರಿಹೋದರೆ ಅಲ್ಲಿಗೇ ನಿಲ್ಲಿಸಬಹುದು. ಕೋರ್ಸ್ ಮುಗಿಸಲೇಬೇಕು ಅಂತ ಕೇಳಿದ್ದೀರಿ, ಗೊತ್ತು. ಟೈಫಾಯ್ಡ್, ಟಿಬಿಯಂಥ ಕಾಯಿಲೆಗೆ ಅದು ಸರಿ. ಪ್ರವಾಸಿಗರ ಭೇದಿಗೆ ಆ ನಿಯಮ ಅನ್ವಯಿಸುವುದಿಲ್ಲ. ರಕ್ತ ಅಥವಾ ಜ್ವರ ಇದ್ದಿದ್ದರೆ ಮಾತ್ರ ಮೂರನ್ನೂ ಮುಗಿಸಿ.

ಆದರೆ ನೀರು ಕುಡಿಯದೆ ಮಾತ್ರೆ ಮಾತ್ರ ನುಂಗಿದರೆ ಪ್ರಯೋಜನವಿಲ್ಲ. ಭೇದಿಯಲ್ಲಿ ಜನ ಒದ್ದಾಡುವುದು ಬ್ಯಾಕ್ಟೀರಿಯಾಕ್ಕಿಂತ ಹೆಚ್ಚಾಗಿ ನೀರು ಉಪ್ಪು ಕಳೆದುಕೊಂಡು. ಪ್ರತಿ ಸಲ ಹೋಗಿ ಬಂದ ಮೇಲೆ ಒಂದು ದೊಡ್ಡ ಲೋಟ ಓಆರ್‌ಎಸ್, ಗುಟುಕು ಗುಟುಕಾಗಿ. ಪುಡಿ ಮುಗಿದು ಹೋದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಚಮಚದ ಅಂಚಿಗೆ ಸಮ. ಉಪ್ಪು ಜಾಸ್ತಿ ಆಗಬಾರದು, ಬಾಯಿಗೆ ಹಾಕಿದರೆ ಕಣ್ಣೀರಿಗಿಂತ ಉಪ್ಪಾಗಿರಬಾರದು. ಮೂತ್ರ ತಿಳಿಯಾಗಿ, ಮೂರ್ನಾಲ್ಕು ಗಂಟೆಗೊಮ್ಮೆ ಹೋಗುತ್ತಿದ್ದರೆ ನೀವು ಗೆಲ್ಲುತ್ತಿದ್ದೀರಿ ಅಂತ ತಿಳಿಯಿರಿ.

ಒಬ್ಬರ ಕತೆ

ನನ್ನ ಒಬ್ಬ ಪೇಷೆಂಟ್, ಬ್ಯಾಂಕ್ ಉದ್ಯೋಗಿ, ಹೆಚ್ಚು ಕಮ್ಮಿ ನಿಮ್ಮದೇ ದಾರಿಯಲ್ಲಿ ಹೋಗಿಬಂದರು. ಹೊರಡುವಾಗ ಮೂರು ಮಾತ್ರೆಯ ಸ್ಟ್ರಿಪ್‌ಗೆ ಒಂದು ಚೀಟಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟಿದ್ದೆ. ಚೀಟಿಯಲ್ಲಿ ನಾಲ್ಕು ಸಾಲು: "ರಕ್ತ ಇದೆಯಾ? 101 ಜ್ವರ ಇದೆಯಾ? ಎದ್ದು ನಡೆಯೋಕಾಗಲ್ವಾ? ಒಂದಕ್ಕಾದರೂ ಹೌದು ಅಂದರೆ ಮಾತ್ರ ಬಿಚ್ಚಿ." ಜ್ವರ ಅಂದದ್ದು ಭೇದಿಯ ಜೊತೆಗಿನ ಜ್ವರ. ಅದನ್ನು ಬಾಯಲ್ಲೂ ಹೇಳಿದ್ದೆ.

ಮೊದಲ ಸಲ ಪೋಖರಾದಲ್ಲಿ. ಸಂಜೆ ಏಳಕ್ಕೆ ಫ್ರೈಡ್ ರೈಸ್ ತಿಂದರು, ಹತ್ತಕ್ಕೆ ವಾಂತಿ ಶುರು. ಮಧ್ಯರಾತ್ರಿಯೊಳಗೆ ಐದು ಸಲ. ಸ್ಟ್ರಿಪ್ ಕೈಗೆ ತಗೊಂಡರು. ಚೀಟಿ ಓದಿದರು. ಜ್ವರ 98.4, ರಕ್ತ ಇಲ್ಲ. ವಾಂತಿ ಶುರುವಾದದ್ದು ಊಟವಾಗಿ ಮೂರೇ ಗಂಟೆಗೆ. ಸ್ಟ್ರಿಪ್ ವಾಪಸ್ ಒಳಗಿಟ್ಟು, ಐದು ನಿಮಿಷಕ್ಕೊಂದು ಚಮಚದ ಹಾಗೆ ಓಆರ್‌ಎಸ್ ಕುಡಿದರು. ಮರುದಿನ ಮಧ್ಯಾಹ್ನ ದಾಲ್ ಭಾತ್ ತಿಂದರು.

ಎರಡನೆಯ ಸಲ ಲಾವೋಸ್‌ನಲ್ಲಿ. ಥಾಯ್ಲೆಂಡ್ ಗಡಿಯ ಹುವಾಯ್ ಸಾಯ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ಮೆಕಾಂಗ್ ನದಿಯ ಮೇಲೆ ಎರಡು ದಿನದ ದೋಣಿ. ನಡುವೆ ಪಾಕ್‌ಬೆಂಗ್ ಅನ್ನುವ ಸಣ್ಣ ಊರಲ್ಲಿ ರಾತ್ರಿ ತಂಗಬೇಕು. ಮೊದಲ ದಿನ ದೋಣಿಯಲ್ಲೇ ಹೊಟ್ಟೆ ಹಿಂಡಲು ಶುರುವಾಯಿತು. ಸಂಜೆ ಪಾಕ್‌ಬೆಂಗ್ ಮುಟ್ಟುವ ಹೊತ್ತಿಗೆ ಹತ್ತು ಸಲ ಆಗಿತ್ತು, ಜ್ವರ 101.8. ಕೊನೆಯ ಸಲ ಲೋಳೆಯ ಜೊತೆ ರಕ್ತದ ಎಳೆ. ಜೊತೆಗಿದ್ದವರು ಲೋಪೆರಮೈಡ್ ಕೊಡಲು ಬಂದರು, ಇವರು ಬೇಡ ಅಂದರು. ಏಳು ಗಂಟೆಗೆ ಮೊದಲ ಅಜಿತ್ರೋಮೈಸಿನ್. ರಾತ್ರಿ ಆರು ಸಲ, ಪಕ್ಕದಲ್ಲಿ ಒಂದೂವರೆ ಲೀಟರ್ ಓಆರ್‌ಎಸ್. ಬೆಳಿಗ್ಗೆ ಜ್ವರ 99.6. ದೋಣಿ ಹತ್ತಲಾ ಬೇಡವಾ ಅಂತ ಯೋಚಿಸಿ, ಮುಂದಿನ ಊರಲ್ಲಿ ಆಸ್ಪತ್ರೆ ಇದೆ ಅಂತ ಹತ್ತಿದರು. ಅದು ಸರಿಯಾದ ಲೆಕ್ಕ. ಎರಡನೆಯ ಸಂಜೆ ಎರಡನೆಯ ಮಾತ್ರೆ, ಅಷ್ಟರಲ್ಲಿ ರಕ್ತ ನಿಂತಿತ್ತು. ಮೂರನೆಯ ಮಾತ್ರೆ ಲುವಾಂಗ್ ಪ್ರಬಾಂಗ್‌ನ ಬೆಳಗಿನ ಮಾರುಕಟ್ಟೆ ಸುತ್ತಿ ಬಂದ ದಿನ.

ಪೋಖರಾದಲ್ಲೇ ಗಾಬರಿಯಾಗಿ ನುಂಗಿಬಿಟ್ಟಿದ್ದರೆ ಪಾಕ್‌ಬೆಂಗ್‌ನಲ್ಲಿ ಸ್ಟ್ರಿಪ್ ಖಾಲಿ ಇರುತ್ತಿತ್ತು.

ಮಾತ್ರೆಯನ್ನು ನಂಬಿ ಕೂರಬಾರದ ಹೊತ್ತು

ಎರಡು ದಿನವಾದರೂ ಜ್ವರ ಇಳಿಯದಿದ್ದರೆ, ರಕ್ತ ನಿಲ್ಲದಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಎಂಟು ಗಂಟೆ ಮೂತ್ರವೇ ಆಗದಿದ್ದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಆಸ್ಪತ್ರೆಗೆ ಹೋಗಿ. ಅಕ್ಕಿ ತೊಳೆದ ನೀರಿನ ಹಾಗೆ ಧಾರಾಕಾರವಾಗಿ ಹೋದರೆ ಗಂಟೆಗಳ ಲೆಕ್ಕ ನೋಡಬೇಡಿ, ಕೂಡಲೇ ಹೊರಡಿ.

ಭೇದಿ ಇಲ್ಲದ ಬರೀ ಜ್ವರಕ್ಕೆ ಈ ಸ್ಟ್ರಿಪ್ ಬಿಚ್ಚಲೇಬೇಡಿ. ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ ಮೂರರಲ್ಲೂ ಡೆಂಗಿ ಇದೆ, ಅದು ವೈರಸ್. ಕೆಲವು ಕಾಡಿನ ಕಡೆ ಮಲೇರಿಯಾ ಇದೆ, ಅದಕ್ಕೆ ಬೇರೆಯೇ ಔಷಧಿ. ಟೈಫಾಯ್ಡ್ ಆಗಿದ್ದರೆ ಮೂರು ಮಾತ್ರೆ ಅದನ್ನು ವಾಸಿ ಮಾಡುವುದಿಲ್ಲ, ರಕ್ತದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಸಿಗದ ಹಾಗೆ ಮಾಡಿ ಮುಂದಿನ ಡಾಕ್ಟರ ದಾರಿ ತಪ್ಪಿಸುತ್ತದೆ ಅಷ್ಟೇ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್ ಬೇಡ, ಡೆಂಗಿಯಾಗಿದ್ದರೆ ರಕ್ತಸ್ರಾವ ಜಾಸ್ತಿಯಾದೀತು. ಒಂದು ದಿನದೊಳಗೆ ರಕ್ತ ಪರೀಕ್ಷೆ ಮಾಡಿಸಿ.

ಚಾರಣದಲ್ಲಿ ಇನ್ನೊಂದು ಮೋಸ ಇದೆ. ಮನಾಂಗ್ ಇರುವುದು 3,500 ಮೀಟರ್ ಎತ್ತರದಲ್ಲಿ, ಥೊರಾಂಗ್ ಲಾ ಕಣಿವೆ ದಾರಿ 5,416ರಲ್ಲಿ. ಅಲ್ಲಿ ತಲೆನೋವಿನ ಜೊತೆ ವಾಂತಿ ಬಂದರೆ ಎಲ್ಲರೂ ರಾತ್ರಿಯ ಊಟವನ್ನು ಬೈಯುತ್ತಾರೆ. ಭೇದಿ ಇಲ್ಲ, ತಲೆ ಸಿಡಿಯುತ್ತಿದೆ, ಹೊಟ್ಟೆ ತೊಳಸುತ್ತಿದೆ ಅಂದರೆ ಅದು ಎತ್ತರದ ಕಾಯಿಲೆ ಅಂತಲೇ ಹಿಡಿಯಿರಿ. ಮೇಲೆ ಹತ್ತಬೇಡಿ. ಜಾಸ್ತಿಯಾದರೆ, ನಡೆಯುವಾಗ ತೂರಾಡಿದರೆ ರಾತ್ರಿಯಾದರೂ ಕೆಳಗಿಳಿಯಿರಿ. ಚಾರಣದ ಸೀಸನ್‌ನಲ್ಲಿ ಮನಾಂಗ್‌ನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನವರ ಕ್ಲಿನಿಕ್ ತೆರೆದಿರುತ್ತದೆ. ಅನುಮಾನ ಬಂದರೆ ಅಲ್ಲಿಗೆ ಹೋಗಿ.

ನಾಯಿ, ಕೋತಿ ಕಚ್ಚಿದರೂ ಕೆಲವರು ಆಂಟಿಬಯೋಟಿಕ್ ನುಂಗಿ ಸುಮ್ಮನಾಗುತ್ತಾರೆ. ಅದು ರೇಬೀಸ್ ತಡೆಯುವುದಿಲ್ಲ. ಸೋಪು ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ಲಸಿಕೆ ಹಾಕಿಸಿಕೊಳ್ಳಲು ಹೊರಡಿ.

ಇಲ್ಲಿ ಹೇಳಿದ ಅಳತೆಯೆಲ್ಲ ನಿಮ್ಮಂಥ ಆರೋಗ್ಯವಂತ ದೊಡ್ಡವರಿಗೆ. ಗರ್ಭಿಣಿಯರು, ಮಕ್ಕಳು, ಕಿಡ್ನಿ, ಲಿವರ್ ಅಥವಾ ಹೃದಯದ ತೊಂದರೆ ಇರುವವರು, 65 ದಾಟಿದವರು ಇದನ್ನು ನೋಡಿ ತಮ್ಮ ಚೀಲ ತುಂಬಿಕೊಳ್ಳಬಾರದು. ಅವರಿಗೆ ಔಷಧಿ ಬೇರೆ, ಅಳತೆ ಬೇರೆ. ಪದೇ ಪದೇ ಉರಿಮೂತ್ರ ಬರುವ ಹೆಂಗಸರು ದೂರ ಹೊರಟರೆ ಅದಕ್ಕೆ ಬೇರೆ ಮಾತ್ರೆ ಒಯ್ಯುವುದು ತಪ್ಪಲ್ಲ, ಅದನ್ನು ಅವರ ಹಳೆಯ ಯೂರಿನ್ ಕಲ್ಚರ್ ರಿಪೋರ್ಟ್ ನೋಡಿಯೇ ಬರೆಯಬೇಕು.

ವಾಪಸ್ ಬಂದ ಮೇಲೆ ಸ್ಟ್ರಿಪ್ ಹಾಗೇ ಉಳಿದಿದ್ದರೆ ಮನೆಯ ಡ್ರಾಯರಿಗೆ ಸೇರಿಸಬೇಡಿ. ಮುಂದಿನ ಸಲ ನನ್ನ ಕ್ಲಿನಿಕ್ ಕಡೆ ಬಂದಾಗ ತಂದುಕೊಡಿ. ಬಂದ ಮೂರು ತಿಂಗಳೊಳಗೆ ಜ್ವರ ಬಂದರೆ ಯಾವ ಡಾಕ್ಟರ ಹತ್ತಿರ ಹೋದರೂ ಎಲ್ಲೆಲ್ಲಿ ಸುತ್ತಿದಿರಿ, ಎಷ್ಟು ಮಾತ್ರೆ ನುಂಗಿದಿರಿ ಅನ್ನುವುದನ್ನು ಮೊದಲೇ ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ.